ಮೂರು ಅಂಕಕ್ಕೆ ಆರು ವಾಕ್ಯ

«ಭಾವ, ನಮ್ಮ ಮಾಣಿ ಈ ಸಲ ಎಸ್ಸೆಸ್ಸೆಲ್ಸಿ ಅಲ್ದಾ. ಇತಿಹಾಸದ ಪ್ರಶ್ನೆಗೆ ಎರಡು ಅಂಕದ್ದಾದ್ರೂ ಒಂದು ಪುಟ, ನಾಲ್ಕು ಅಂಕದ್ದಾದ್ರೂ ಒಂದೇ ಪುಟ ಬರೀತಾನೆ. ಕಡೆಗೆ ಟೈಮ್ ಸಾಲ್ತಿಲ್ಲ, ಅಂಕಾನೂ ಬರ್ತಿಲ್ಲ. ಎಷ್ಟು ಅಂಕಕ್ಕೆ ಎಷ್ಟು ಶಬ್ದ, ಎಷ್ಟು ಪಾಯಿಂಟು ಅಂತ ಒಂದು ಲೆಕ್ಕ ಹೇಳ್ತೀರಾ?»

ಅತ್ತಿಗೆ, ಸ್ವಲ್ಪ ಉದ್ದ ಆಗ್ತದೆ, ಮಾಣಿಯನ್ನೂ ಹತ್ರ ಕೂರಿಸ್ಕೊಂಡು ಕೇಳಿ. ಗ್ರೂಪಲ್ಲಿ ಬೇರೆಯವರ ಮಕ್ಕಳೂ ಹತ್ತನೇ ಕ್ಲಾಸಲ್ಲಿದ್ದಾರೆ, ಅವರಿಗೂ ಆಯ್ತು.

ಶಬ್ದದ ಲೆಕ್ಕ ಆಮೇಲೆ. ಮೊದಲು ಪಾಯಿಂಟಿನ ಲೆಕ್ಕ. ಸಮಾಜ ವಿಜ್ಞಾನದ ಪತ್ರಿಕೆ 80 ಅಂಕದ್ದು. ಅದರಲ್ಲಿ ಪ್ರತಿ ಭಾಗದ ತಲೆ ಮೇಲೆ ಒಂದು ಸೂಚನೆ ಇರ್ತದೆ, ಮಕ್ಕಳು ಅದನ್ನ ಓದೋದೇ ಇಲ್ಲ. ಎರಡು ಅಂಕದ ಭಾಗಕ್ಕೆ ಎರಡರಿಂದ ನಾಲ್ಕು ವಾಕ್ಯ, ಮೂರು ಅಂಕದ್ದಕ್ಕೆ ಆರು ವಾಕ್ಯ, ನಾಲ್ಕು ಅಂಕದ್ದಕ್ಕೆ ಎಂಟರಿಂದ ಹತ್ತು ವಾಕ್ಯ ಅಂತ. ಆ ಸಂಖ್ಯೆ ಸುಮ್ನೆ ಬಂದದ್ದಲ್ಲ. ಪೇಪರ್ ತಿದ್ದುವವರ ಕೈಯಲ್ಲಿರೋ ಕೀ ಆನ್ಸರಿನಲ್ಲಿ ಸಾಮಾನ್ಯವಾಗಿ ಒಂದು ಅಂಶಕ್ಕೆ ಅರ್ಧ ಅಂಕ. ಎರಡಕ್ಕೆ ನಾಲ್ಕು ಅಂಶ, ಮೂರಕ್ಕೆ ಆರು, ನಾಲ್ಕಕ್ಕೆ ಎಂಟು. ಅಂದ್ರೆ ಅಂಕವನ್ನ ಎರಡರಿಂದ ಗುಣಿಸಿದರೆ ಪಾಯಿಂಟು ಸಿಕ್ತು. ಕೆಲವು ಪ್ರಶ್ನೆಗೆ ಒಂದು ಅಂಶಕ್ಕೆ ಒಂದು ಅಂಕ ಅಂತಲೂ ಇರ್ತದೆ, ಆದರೆ ಆಗಲೂ ಆರು ಬರೆದವನಿಗೆ ನಷ್ಟ ಇಲ್ಲ.

ಒಂದು ಉತ್ತರ ಬಿಡಿಸಿ ತೋರಿಸ್ತೇನೆ. «ಸಹಾಯಕ ಸೈನ್ಯ ಪದ್ಧತಿಯ ನಿಬಂಧನೆಗಳನ್ನು ತಿಳಿಸಿ», ಮೂರು ಅಂಕ ಅಂತ ಇಟ್ಕೊಳ್ಳಿ. ಮಾಣಿ ಈಗ ಹೇಗೆ ಬರೀತಿರಬಹುದು ಅಂದ್ರೆ, ಕಂಪನಿ ಭಾರತಕ್ಕೆ ಬಂದದ್ದರಿಂದ ಶುರು ಮಾಡಿ, 1798ರಲ್ಲಿ ವೆಲ್ಲೆಸ್ಲಿ ಗವರ್ನರ್ ಜನರಲ್ ಆಗಿ ಬಂದ, ಅವನಿಗೆ ರಾಜ್ಯ ವಿಸ್ತರಣೆಯ ಆಸೆ ಇತ್ತು, ಅದಕ್ಕೆ ಈ ಪದ್ಧತಿ ತಂದ, ಅಂತ ಐದಾರು ಸಾಲು. ಎಲ್ಲ ಸರಿಯೇ, ತಪ್ಪಿಲ್ಲ. ಆದರೆ ಪ್ರಶ್ನೆ ಕೇಳಿದ್ದು ನಿಬಂಧನೆ. ಈ ಐದಾರು ಸಾಲಿನಲ್ಲಿ ಒಂದೂ ನಿಬಂಧನೆ ಇಲ್ಲ, ಹಾಗಾಗಿ ಅರ್ಧ ಅಂಕವೂ ಹುಟ್ಟೋದಿಲ್ಲ. ಯಕ್ಷಗಾನದಲ್ಲಿ ಒಡ್ಡೋಲಗದಲ್ಲೇ ಅರ್ಧ ರಾತ್ರಿ ಕಳೆದರೆ ಪ್ರಸಂಗ ಯಾವಾಗ ಆಡೋದು?

ಬರೀಬೇಕಾದ್ದು ಹೀಗೆ, ಪುಸ್ತಕದ ಭಾಷೆಯಲ್ಲೇ ಹೇಳ್ತೇನೆ, ಬರ್ಕೊಳ್ಳಲಿ.

ಭಾರತೀಯ ರಾಜನು ಬ್ರಿಟಿಷ್ ಸೈನ್ಯದ ಒಂದು ತುಕಡಿಯನ್ನು ತನ್ನ ರಾಜ್ಯದಲ್ಲಿ ಇರಿಸಿಕೊಳ್ಳಬೇಕು.
ಆ ಸೈನ್ಯದ ವೇತನ ಹಾಗೂ ನಿರ್ವಹಣೆಯ ವೆಚ್ಚವನ್ನು ರಾಜನೇ ಭರಿಸಬೇಕು, ಇಲ್ಲವೇ ಅದಕ್ಕೆ ಸಾಕಾಗುವಷ್ಟು ಕಂದಾಯದ ಪ್ರದೇಶ ಬಿಟ್ಟುಕೊಡಬೇಕು.
ಆಸ್ಥಾನದಲ್ಲಿ ಒಬ್ಬ ಬ್ರಿಟಿಷ್ ರೆಸಿಡೆಂಟ್ ಇರಬೇಕು.
ಬ್ರಿಟಿಷರ ಅನುಮತಿಯಿಲ್ಲದೆ ಬೇರೆ ಯಾವ ಯುರೋಪಿಯನ್ನರನ್ನೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ.
ಬೇರೆ ರಾಜ್ಯದೊಡನೆ ಯುದ್ಧ ಅಥವಾ ಒಪ್ಪಂದ ಮಾಡಲು ಗವರ್ನರ್ ಜನರಲ್‌ನ ಒಪ್ಪಿಗೆ ಬೇಕು.
ಇದಕ್ಕೆ ಪ್ರತಿಯಾಗಿ ಕಂಪನಿ ಆ ರಾಜ್ಯಕ್ಕೆ ಒಳಗಿನ ಹಾಗೂ ಹೊರಗಿನ ಶತ್ರುಗಳಿಂದ ರಕ್ಷಣೆ ಕೊಡುತ್ತದೆ.

ಆರು ವಾಕ್ಯ, ಆರು ಅಂಶ. ಎಣಿಸಿದರೆ 56 ಶಬ್ದ. ಸಾಲಿಗೆ ಐದಾರು ಶಬ್ದ ಹಿಡಿಸುವ ಅಕ್ಷರಕ್ಕೆ ಹತ್ತು ಹನ್ನೆರಡು ಸಾಲು, ಅಂದ್ರೆ ಅರ್ಧ ಪುಟ. ಇಷ್ಟಕ್ಕೇ ಪೂರ್ತಿ ಮೂರು. ಮೂರನೇ ವಾಕ್ಯ ನೋಡಿ, ಬರೀ ಐದು ಶಬ್ದ. ಎರಡನೆಯದು ಹದಿನಾಲ್ಕು. ಎರಡಕ್ಕೂ ಅರ್ಧರ್ಧವೇ. ಹಾಗಾಗಿ ಶಬ್ದ ಎಣಿಸ್ತಾ ಕೂರೋದ್ರಲ್ಲಿ ಅರ್ಥ ಇಲ್ಲ, ಒಂದು ಅಂಶಕ್ಕೆ ಸುಮಾರು ಒಂಬತ್ತು ಹತ್ತು ಶಬ್ದ, ಎರಡು ಸಾಲು ಅಂತ ಕೈಗೆ ಅಭ್ಯಾಸ ಆದ್ರೆ ಸಾಕು. ಇದು ಕನ್ನಡ ಮಾಧ್ಯಮದ ಲೆಕ್ಕ. ಇಂಗ್ಲಿಷ್ ಮಾಧ್ಯಮದವರಿಗೆ ಅದೇ ಅಂಶಕ್ಕೆ ಶಬ್ದ ಜಾಸ್ತಿ ಬೀಳ್ತದೆ, ಅಂಶ ಅಷ್ಟೇ.

ಇನ್ನು ಇದೇ ವಿಷಯವನ್ನ ತಿರುಗಿಸಿ ಕೇಳಿದರೆ? «ಸಹಾಯಕ ಸೈನ್ಯ ಪದ್ಧತಿ ಭಾರತೀಯ ರಾಜ್ಯಗಳನ್ನು ದುರ್ಬಲಗೊಳಿಸಿತು, ಸಮರ್ಥಿಸಿ» ಅಂತ. ಅಂಕ ಮೂರೇ, ಅಂಶವೂ ಆರೇ. ಆದರೆ ಮೇಲಿನ ಆರು ವಾಕ್ಯವನ್ನೇ ಹಾಗೇ ಇಳಿಸಿದರೆ ಪೂರ್ತಿ ಅಂಕ ಬರೋದು ಕಷ್ಟ, ಯಾಕಂದ್ರೆ ಅವು ಷರತ್ತುಗಳು, ದುರ್ಬಲ ಆದದ್ದು ಹೇಗೆ ಅನ್ನೋದು ಅದರಲ್ಲಿಲ್ಲ. ಪ್ರತಿ ಷರತ್ತಿಗೂ ಒಂದು ಬಾಲ ಜೋಡಿಸಬೇಕು. ಸೈನ್ಯದ ವೆಚ್ಚ ಭರಿಸಬೇಕಾದ್ದರಿಂದ ಖಜಾನೆ ಬರಿದಾಯಿತು. ರೆಸಿಡೆಂಟ್ ಆಸ್ಥಾನದಲ್ಲಿ ಕೂತದ್ದರಿಂದ ಒಳಾಡಳಿತದಲ್ಲಿ ಕೈ ಹಾಕುವುದಕ್ಕೆ ದಾರಿಯಾಯಿತು. ಗವರ್ನರ್ ಜನರಲ್‌ನ ಒಪ್ಪಿಗೆ ಬೇಕಾದ್ದರಿಂದ ರಾಜ ತನ್ನ ವಿದೇಶ ನೀತಿಯ ಸ್ವಾತಂತ್ರ್ಯ ಕಳೆದುಕೊಂಡ. ಪೂರ್ತಿ ಷರತ್ತಿನ ಜೊತೆ ಹೀಗೆ ಬಾಲವನ್ನೂ ಬರೆದಾಗ ವಾಕ್ಯ ಹನ್ನೆರಡು ಹದಿಮೂರು ಶಬ್ದಕ್ಕೆ ಹೋಗ್ತದೆ, ಉತ್ತರ 75-80 ಶಬ್ದ ಆಗ್ತದೆ. ಪಾಯಿಂಟು ಎಷ್ಟು ಅಂತ ಹೇಳೋದು ಅಂಕ, ವಾಕ್ಯ ಎಷ್ಟು ಉದ್ದ ಅಂತ ಹೇಳೋದು ಪ್ರಶ್ನೆಯ ಕೊನೇ ಶಬ್ದ. «ತಿಳಿಸಿ», «ಪಟ್ಟಿ ಮಾಡಿ» ಇದ್ರೆ ಗಿಡ್ಡ ಸಾಕು. «ವಿವರಿಸಿ», «ಸಮರ್ಥಿಸಿ», «ಹೇಗೆ» ಇದ್ರೆ ಕಾರಣವೋ ಪರಿಣಾಮವೋ ಜೊತೆಗೆ ಬರಲೇಬೇಕು.

ಎರಡು ಅಂಕದ್ದು ಸುಲಭ. 1792ರ ಶ್ರೀರಂಗಪಟ್ಟಣ ಒಪ್ಪಂದದ ಷರತ್ತುಗಳು ಅಂತ ಕೇಳಿದ್ರೆ, ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು, ಮೂರು ಕೋಟಿಗೂ ಮೇಲೆ ಯುದ್ಧವೆಚ್ಚ ಕೊಡಬೇಕಾಯಿತು, ಅದು ತೀರುವವರೆಗೆ ಇಬ್ಬರು ಮಕ್ಕಳನ್ನ ಒತ್ತೆ ಇಡಬೇಕಾಯಿತು, ಯುದ್ಧ ಕೈದಿಗಳನ್ನ ಬಿಡಬೇಕಾಯಿತು. ನಾಲ್ಕು ವಾಕ್ಯ, ಆರೇಳು ಸಾಲು, ಮುಗೀತು. ಮೂರನೇ ಮೈಸೂರು ಯುದ್ಧದ ಕಥೆ ಬೇಡ.

ನಾಲ್ಕು ಅಂಕದ್ದರಲ್ಲೇ ಮಕ್ಕಳು ಬೀಳೋದು. 1857ರ ದಂಗೆಯ ಕಾರಣಗಳು ಅಂತ ಬಂತು ಅಂದ್ಕೊಳ್ಳಿ. ಎಲ್ಲರಿಗೂ ನೆನಪಿರೋದು ಕಾಡತೂಸಿನ ಕಥೆ. ಎನ್‌ಫೀಲ್ಡ್ ಬಂದೂಕು ಬಂತು, ಅದರ ಕಾಡತೂಸಿಗೆ ಹಸು ಮತ್ತು ಹಂದಿಯ ಕೊಬ್ಬು ಸವರಿದ್ದಾರೆ ಅಂತ ಸುದ್ದಿ ಹಬ್ಬಿತು, ಅದನ್ನ ಹಲ್ಲಿನಿಂದ ಕಚ್ಚಿ ತೆಗೀಬೇಕಿತ್ತು, ಹಿಂದೂ ಮುಸ್ಲಿಂ ಸಿಪಾಯಿಗಳಿಗೆ ಸಿಟ್ಟು ಬಂತು, ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ ತಿರುಗಿಬಿದ್ದ. ಐದು ವಾಕ್ಯ ಆಯ್ತಲ್ಲ, ಎರಡೂವರೆ ಅಂಕ ಬಂತು ಅಂತ ಮಾಣಿ ಲೆಕ್ಕ ಹಾಕ್ತಾನೆ. ತಿದ್ದುವವರ ಲೆಕ್ಕದಲ್ಲಿ ಅದು ಒಂದೇ ಅಂಶ, ತತ್‌ಕ್ಷಣದ ಕಾರಣ. ಅರ್ಧ, ಹೆಚ್ಚಂದ್ರೆ ಒಂದು. ವಾಕ್ಯ ಬೇರೆ, ಅಂಶ ಬೇರೆ, ಇದನ್ನ ಅವನಿಗೆ ಸರಿಯಾಗಿ ಹೇಳಿ. ಹಾಗೇ ದತ್ತು ಮಕ್ಕಳಿಗೆ ಹಕ್ಕಿಲ್ಲ ಅನ್ನೋ ಡಾಲ್‌ಹೌಸಿಯ ನೀತಿಗೆ ಸತಾರಾ ಹೋಯಿತು, ನಾಗಪುರ ಹೋಯಿತು, ಝಾನ್ಸಿ ಹೋಯಿತು ಅಂತ ಮೂರು ವಾಕ್ಯ ಮಾಡಿದರೂ ಅದು ಒಂದೇ. ಮೂರನ್ನೂ ಒಂದೇ ವಾಕ್ಯದಲ್ಲಿ ಪೋಣಿಸಿ ಮುಂದೆ ಹೋಗ್ಬೇಕು.

ಎಂಟು ಅಂಶ ಹೇಗೆ ಹೊಂದಿಸೋದು ಅಂದ್ರೆ ಗುಂಪು ಮಾಡೋದು. ರಾಜಕೀಯಕ್ಕೆ ಎರಡು: ದತ್ತು ನೀತಿ, ಪಟ್ಟ ಕಳ್ಕೊಂಡ ರಾಜರು ಮತ್ತು ಅವರನ್ನ ನಂಬಿದ್ದ ಸೈನಿಕರು ಬೀದಿಗೆ ಬಿದ್ದದ್ದು. ಆರ್ಥಿಕಕ್ಕೆ ಎರಡು: ಇಂಗ್ಲೆಂಡಿನ ಯಂತ್ರದ ಬಟ್ಟೆ ಬಂದು ನಮ್ಮ ನೇಕಾರರು, ಕರಕುಶಲಿಗರು ಕೆಲಸ ಕಳ್ಕೊಂಡದ್ದು, ಕಂದಾಯದ ಹೊರೆ ಹಾಗೂ ಇನಾಮು ಭೂಮಿ ವಾಪಸು ಹೋದದ್ದು. ಆಡಳಿತಕ್ಕೆ ಒಂದು: ಇಂಗ್ಲಿಷ್ ನ್ಯಾಯಾಲಯದ ಭಾಷೆ ಆದದ್ದು, ಯುರೋಪಿಯನ್ನರ ಕಡೆಗೇ ವಾಲುವ ತೀರ್ಪುಗಳು. ಸೈನಿಕ ಕಾರಣಕ್ಕೆ ಎರಡು: ಸಂಬಳ ಬಡ್ತಿಯಲ್ಲಿ ಭೇದ, ಸಮುದ್ರ ದಾಟಿ ಹೋಗಬೇಕು ಅನ್ನೋ ಒತ್ತಾಯ. ಕಡೆಗೆ ಕಾಡತೂಸು ಒಂದು. ಎಂಟಾಯ್ತು. ಗುಂಪಿನ ಹೆಸರನ್ನ ಅಡಿಗೆರೆ ಎಳೆದು ಬರೆದರೆ ತಿದ್ದುವವರ ಕಣ್ಣಿಗೆ ಕೂಡಲೇ ಬೀಳ್ತದೆ. 80-100 ಶಬ್ದ, ಒಂದು ಪುಟದ ಒಳಗೆ.

ನಮ್ಮ ಕರಾವಳಿ ಮಕ್ಕಳಿಗೆ ಇನ್ನೊಂದು ಚಾಳಿ. ಕಾನೂನು ಭಂಗ ಚಳವಳಿ ಅಂತ ಕಂಡ ಕೂಡಲೇ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಬಗ್ಗೆ ಅರ್ಧ ಪುಟ. ಬರೀಲಿ, ಆದರೆ ಅದು ಒಂದು ಅಂಶ, ಒಂದು ವಾಕ್ಯ. ದಂಡಿ ಯಾತ್ರೆ, ಉಪ್ಪಿನ ಕಾನೂನು, ಗಾಂಧಿ–ಇರ್ವಿನ್ ಒಪ್ಪಂದ ಬಿಟ್ಟು ಅಂಕೋಲೆಯಲ್ಲೇ ಕೂತರೆ ಊರಿನ ಅಭಿಮಾನಕ್ಕೆ ಅಂಕ ಇಲ್ಲ.

«ಕಾರಣ ಮತ್ತು ಪರಿಣಾಮ» ಅಂತ ಜೋಡಿ ಕೇಳಿದ್ರೆ ಅಂಕವನ್ನ ಮೊದಲೇ ಒಡೀಬೇಕು. ನಾಲ್ಕು ಅಂಕ ಇದ್ರೆ ಎರಡು ಎರಡು, ಅಂಶ ನಾಲ್ಕು ನಾಲ್ಕು. ಎಂಟೂ ಕಾರಣವನ್ನೇ ಬರೆದವನಿಗೆ ಎರಡಕ್ಕಿಂತ ಹೆಚ್ಚು ಬರೋದಿಲ್ಲ, ಎಷ್ಟೇ ಚೆಂದ ಬರೆದಿರಲಿ.

ನೆನಪಾಗೋದು ನಾಲ್ಕೇ ಅಂಶ, ಬೇಕಾದ್ದು ಆರು, ಆವಾಗ ಏನು ಮಾಡೋದು ಅಂತ ಮಾಣಿ ಕೇಳಬಹುದು. ಇದ್ದದ್ದನ್ನೇ ಎಳೆದು ಆರು ಮಾಡೋದು ಬೇಡ. ನಾಲ್ಕು ಬರೆದು, ನಾಲ್ಕು ಸಾಲು ಖಾಲಿ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಲಿ. ಎರಡು ಅಂಕ ಆಗಲೇ ಕೈಗೆ ಬಂದಿದೆ, ಉಳಿದದ್ದು ಕಡೆಗೆ ನೆನಪಾದ್ರೆ ಅಲ್ಲೇ ಸೇರಿಸಬಹುದು. ಯಾವುದಾದ್ರೂ ಒಂದು ಅಂಶ ಸರಿಯೋ ತಪ್ಪೋ ಅಂತ ಸಂಶಯ ಇದ್ರೆ ಮಾತ್ರ ಒಂದು ಹೆಚ್ಚು ಬರೀಲಿ, ಆರರ ಬದಲು ಏಳು. ಅದಕ್ಕಿಂತ ಜಾಸ್ತಿ ಬರೆದರೆ ಮುಂದಿನ ಪ್ರಶ್ನೆಯ ಹೊತ್ತನ್ನ ತಿಂದಂಗೆ.

ಹೊತ್ತಿನ ಲೆಕ್ಕವೂ ಇಲ್ಲೇ ಬರ್ತದೆ. ಓದೋ 15 ನಿಮಿಷ ಬಿಟ್ಟು ಬರೆಯೋಕೆ ಮೂರು ತಾಸು, 180 ನಿಮಿಷ. ಅಂಕಕ್ಕೆ ಎರಡು ನಿಮಿಷ ಇಟ್ಟರೆ 160 ಆಗ್ತದೆ, 20 ನಿಮಿಷ ನಕ್ಷೆಗೂ ಖಾಲಿ ಬಿಟ್ಟ ಜಾಗಕ್ಕೂ ಉಳೀತದೆ. ಮೂರು ಅಂಕದ್ದಕ್ಕೆ ಆರು ನಿಮಿಷ ಅಂದ್ರೆ ನಿಮಿಷಕ್ಕೆ ಒಂದು ಅಂಶ. ಎರಡು ಅಂಕಕ್ಕೆ ಒಂದು ಪುಟ ಬರೆಯುವವನು ಅಲ್ಲೇ ಎಂಟು ಹತ್ತು ನಿಮಿಷ ಕಳೀತಾನೆ, ಹಾಗೆ ನಾಲ್ಕು ಪ್ರಶ್ನೆಗೆ ಮಾಡಿದ್ರೆ ಕಡೇಲಿ ನಾಲ್ಕು ಅಂಕದ ಪ್ರಶ್ನೆ ಎರಡು ಮೂರು ಖಾಲಿ.

ಪಿಯುಸಿ ಮಕ್ಕಳಿಗೆ ಈ ಲೆಕ್ಕ ಹಾಗೇ ಹೊಂದೋದಿಲ್ಲ, ಅಲ್ಲಿ ಉತ್ತರಗಳು ಬಹಳ ಉದ್ದ. ಪ್ರಶ್ನೆಪತ್ರಿಕೆಯ ಮೇಲೆ ಎಷ್ಟು ವಾಕ್ಯ ಅಂತ ಕೊಟ್ಟದ್ದನ್ನೇ ನೋಡ್ಕೊಂಡು ಬರೀಬೇಕು.

ಈಗ ಮಾಣಿ ಹತ್ರ ಒಂದು ಕೆಲಸ ಮಾಡ್ಸಿ ಅತ್ತಿಗೆ. ಹಳೇ ಉತ್ತರಪತ್ರಿಕೆ ತೆಗೆದು, ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟ ಹೊಸ ಅಂಶ ಬಂದಲ್ಲೆಲ್ಲ ಪೆನ್ಸಿಲ್ಲಲ್ಲಿ ಒಂದು ಚುಕ್ಕಿ ಇಡಲಿ. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದ್ರೆ ಚುಕ್ಕಿ ಇಲ್ಲ, ಪೀಠಿಕೆಗೆ ಚುಕ್ಕಿ ಇಲ್ಲ. ಒಂದು ಪುಟದ ಉತ್ತರದಲ್ಲಿ ಮೂರೇ ಚುಕ್ಕಿ ಕಂಡ್ರೆ ಅಂಕ ಎಲ್ಲಿ ಹೋಯಿತು ಅಂತ ಅವನಿಗೇ ಗೊತ್ತಾಗ್ತದೆ. ಒಂದೆರಡು ಪುಟದ ಫೋಟೋ ತೆಗೆದು ನನಗೂ ಕಳಿಸಿ, ಚುಕ್ಕಿ ಇಟ್ಟ ಮೇಲೆ.