ಹೀಟ್ ಮ್ಯಾಪ್‌ನಲ್ಲಿ ಖಾಲಿ ಜಾಗ ಅಂದರೆ ಆಟಗಾರ ಅಲ್ಲಿಗೆ ಹೋಗಲೇ ಇಲ್ಲ ಅಂತಾನಾ?

ಕೇಳಿದವರು: 2022ರ ಫುಟ್‌ಬಾಲ್ ವಿಶ್ವಕಪ್‌ನ ಅರ್ಜೆಂಟೀನಾ-ಫ್ರಾನ್ಸ್ ಫೈನಲ್ ಬಗ್ಗೆ ಬರೆಯುತ್ತಿದ್ದೇನೆ. ಎಂಬಾಪೆಯ ಆಟದ ಜಾಗಗಳನ್ನು ಬಣ್ಣದಲ್ಲಿ ತೋರಿಸುವ ಹೀಟ್ ಮ್ಯಾಪ್‌ನಲ್ಲಿ ಫ್ರಾನ್ಸ್‌ನ ಅರ್ಧ ಬಹುಪಾಲು ಖಾಲಿ. ಸರಾಸರಿ ಸ್ಥಾನದ ಚುಕ್ಕಿ ಎಡಕ್ಕೂ ಅಲ್ಲ, ನಡುವಿಗೂ ಅಲ್ಲ, ಎರಡರ ಮಧ್ಯೆ ಇದೆ. "ಅವನು ಅಲ್ಲೇ ಆಡಿದ, ಡಿಫೆನ್ಸ್‌ಗೆ ಇಳಿಯಲೇ ಇಲ್ಲ" ಎಂದು ಬರೆಯಬಹುದಾ? ಇಂಥ ಚಿತ್ರ ಓದಿ ಅಭ್ಯಾಸ ಇರುವವರು ಹೇಳಿ.

ಡೇಟಾ ಕೆಲಸದವ: ಎರಡನ್ನೂ ಬರೆಯಬೇಡಿ. ಮೊದಲು ಚುಕ್ಕಿಯ ವಿಷಯ. ಆ ದಿನ 41ನೇ ನಿಮಿಷದಲ್ಲಿ ಜಿರೂ ಮತ್ತು ಡೆಂಬೆಲೆ ಇಬ್ಬರನ್ನೂ ಹೊರಗೆ ಕರೆದು ಥುರಾಮ್, ಕೊಲೊ ಮುವಾನಿಯನ್ನು ಇಳಿಸಿದರು. ಥುರಾಮ್ ಎಡಕ್ಕೆ ಹೋದ, ಅಲ್ಲಿಯವರೆಗೆ ಎಡಗಡೆ ಆಡುತ್ತಿದ್ದ ಎಂಬಾಪೆ ನಡುವಿಗೆ ಬಂದ. ಅಂದರೆ ನಿಮ್ಮ ಒಂದು ಚುಕ್ಕಿಯೊಳಗೆ ಎರಡು ಬೇರೆ ಕೆಲಸಗಳಿವೆ. ಮೈದಾನದ ಅಗಲ 80 ಅಂತ ಇಟ್ಟುಕೊಳ್ಳಿ, ಎಡ ಗೆರೆ ಸೊನ್ನೆ. ಇದು ಲೆಕ್ಕ ತೋರಿಸಲು ಮಾತ್ರ, ಅವನ ನಿಜವಾದ ಅಂಕಿ ಅಲ್ಲ: 20 ಸಲ ಚೆಂಡು 12ರ ಹತ್ತಿರ ಸಿಕ್ಕಿತು, 30 ಸಲ ನಡುವೆ 40ರಲ್ಲಿ ಸಿಕ್ಕಿತು. ಸರಾಸರಿ 28.8 ಬರುತ್ತದೆ. ಆ 28.8ರಲ್ಲಿ ಅವನು ಒಂದು ಸಲವೂ ಚೆಂಡು ಮುಟ್ಟಿಲ್ಲ, ಆದರೆ ಚಿತ್ರದಲ್ಲಿ ಅವನ ಮನೆ ಅದೇ ಎಂಬಂತೆ ಕಾಣುತ್ತದೆ.

ಹಲಸೂರು ಗ್ಯಾಲರಿ: ಅದಕ್ಕೇ ಸರಾಸರಿ ಬಿಟ್ಟು ಮೀಡಿಯನ್, ಅಂದರೆ ಅಂಕಿಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ, ಹಾಕಬೇಕು. ನಾನು ಯಾವಾಗಲೂ ಹಾಗೇ ಮಾಡೋದು, ಸಮಸ್ಯೆ ಮುಗೀತು.

ಡೇಟಾ ಕೆಲಸದವ: ಅರ್ಧ ಒಪ್ಪುತ್ತೇನೆ. ಕಾರ್ನರ್ ಹೊಡೆಯುವವನ ಚುಕ್ಕಿ ಮೂಲೆಗೆ ಜಾರುವುದು, ಕಾರ್ನರ್‌ಗೆ ಮುಂದೆ ಹೋದ ಸೆಂಟರ್ ಬ್ಯಾಕ್‌ನ ಚುಕ್ಕಿ ಮೇಲೆ ಹತ್ತುವುದು, ಇವಕ್ಕೆಲ್ಲ ಮೀಡಿಯನ್ ಒಳ್ಳೆಯದು. ಆದರೆ ಮೇಲಿನ ಲೆಕ್ಕಕ್ಕೇ ಹಾಕಿ ನೋಡಿ, 40 ಬರುತ್ತದೆ. ಎಡಗಡೆ ಆಡಿದ ಅಷ್ಟೂ ಹೊತ್ತು ಮಾಯ ಆಯಿತು ಅಲ್ವಾ? ಆಟ ಎರಡು ತುಂಡಾದಾಗ ಚಿತ್ರವನ್ನೂ ಎರಡು ತುಂಡು ಮಾಡಲೇಬೇಕು. ಈ ಮ್ಯಾಚ್‌ನ ಡೇಟಾವನ್ನು ಸ್ಟ್ಯಾಟ್ಸ್‌ಬಾಂಬ್ ಎಂಬ ಫುಟ್‌ಬಾಲ್ ಡೇಟಾ ಕಂಪನಿ ಉಚಿತವಾಗಿ ಕೊಟ್ಟಿದೆ, ಹೀಗೆ ತೆಗೆಯಬಹುದು:

```python
from statsbombpy import sb
ev = sb.events(match_id=3869685)
m = ev[ev["player"] == "Kylian Mbappé Lottin"]
m = m[(m["type"] == "Ball Receipt*") & m["ball_receipt_outcome"].isna()]
a = m[m["minute"] < 40]
b = m[m["minute"] >= 40]
```

ಇದರಲ್ಲಿ ನಿಮಿಷ ಸೊನ್ನೆಯಿಂದ ಶುರುವಾಗುತ್ತದೆ. ಹಾಗಾಗಿ 41ನೇ ನಿಮಿಷ ಅಂದರೆ 40. ಚೆಂಡು ಕೈಸೇರಿದ ಸಲಗಳನ್ನು ಮಾತ್ರ ತೆಗೆದುಕೊಂಡಿದ್ದಕ್ಕೂ ಕಾರಣ ಇದೆ. ಒಬ್ಬ ಪಾಸ್ ಪಡೆದು, ನಾಲ್ಕು ಹೆಜ್ಜೆ ಓಡಿ, ಮತ್ತೊಬ್ಬನಿಗೆ ಕೊಟ್ಟರೆ ಅದು ಮೂರು ಸಾಲಾಗಿ ದಾಖಲಾಗುತ್ತದೆ: `Ball Receipt*`, `Carry`, `Pass`. ಮೂರನ್ನೂ ಸುಮ್ನೆ ಸುರಿದರೆ ಒಂದೇ ಜಾಗ ಮೂರು ಪಟ್ಟು ಕೆಂಪಾಗುತ್ತದೆ. ಎಲ್ಲ ಸಾಲುಗಳನ್ನೂ ತೆಗೆದುಕೊಳ್ಳುವವರು `period` 5 ಅನ್ನು ಬಿಡಲು ಮರೆಯಬೇಡಿ, ಅದು ಕೊನೆಯ ಪೆನಾಲ್ಟಿ ಶೂಟೌಟ್. ಅದು ಸೇರಿಕೊಂಡರೆ ಪೆನಾಲ್ಟಿ ಹೊಡೆದವರ ಚುಕ್ಕಿಗಳೆಲ್ಲ ಗೋಲಿನ ಕಡೆ ಸರಿಯುತ್ತವೆ.

ಮೈಸೂರು ಕೋಚ್: "ಡಿಫೆನ್ಸ್‌ಗೆ ಇಳಿಯಲೇ ಇಲ್ಲ" ಎಂಬ ಮಾತಿಗೆ ನಾನು ಬರುತ್ತೇನೆ, ಯಾಕೆಂದರೆ ಹುಡುಗರನ್ನು ಇಂಥ ಚಿತ್ರ ತೋರಿಸಿ ಬೈಯುವುದನ್ನು ಕಂಡು ಬೇಸತ್ತಿದ್ದೇನೆ. ನೀವು ನೋಡುತ್ತಿರುವುದು ಅವನು ಚೆಂಡಿನ ಜೊತೆ ಇದ್ದ ಜಾಗ, ಅವನು ನಿಂತ ಜಾಗ ಅಲ್ಲ. 90 ನಿಮಿಷದಲ್ಲಿ ಒಬ್ಬನ ಕಾಲಲ್ಲಿ ಚೆಂಡು ಇರುವುದು ಕೆಲವೇ ನಿಮಿಷ. ಉಳಿದ ಹೊತ್ತು ಅವನು ಪಾಸ್ ಹೋಗುವ ದಾರಿಗೆ ಅಡ್ಡ ನಿಂತಿದ್ದರೆ ಎದುರಿನವನು ಆ ಕಡೆ ಪಾಸ್ ಕೊಡುವುದೇ ಇಲ್ಲ. ಕೆಲಸ ಚೆನ್ನಾಗಿ ಆದಷ್ಟೂ ಜಾಗ ಖಾಲಿ ಕಾಣುತ್ತದೆ.

ಇನ್ನೊಂದು, ಆ ಮ್ಯಾಚ್ ನೆನಪಿಸಿಕೊಳ್ಳಿ. ಅರ್ಜೆಂಟೀನಾ ಮೊದಲು ನುಗ್ಗಿದ್ದು ಯಾವ ಕಡೆಯಿಂದ? ತಮ್ಮ ಎಡದಿಂದ, ಡಿ ಮಾರಿಯಾ ಮೂಲಕ. ಡೆಂಬೆಲೆ ಅವನನ್ನು ಬೀಳಿಸಿದ್ದಕ್ಕೇ ಮೊದಲ ಪೆನಾಲ್ಟಿ ಬಂತು, ಎರಡನೇ ಗೋಲು ಡಿ ಮಾರಿಯಾನದ್ದೇ. ಅದು ಫ್ರಾನ್ಸ್‌ನ ಬಲಗಡೆ. ಎಂಬಾಪೆ ಇದ್ದದ್ದು ಎಡಗಡೆ, ಅರ್ಜೆಂಟೀನಾದ ರೈಟ್ ಬ್ಯಾಕ್ ಮೊಲಿನಾ ಎದುರು. ಚೆಂಡೇ ಆಚೆ ಇದ್ದಾಗ ಈಚೆ ಇದ್ದವನ ಹೀಟ್ ಮ್ಯಾಪ್ ತನ್ನ ಅರ್ಧದಲ್ಲಿ ಖಾಲಿ ಇರುವುದರಲ್ಲಿ ಆಶ್ಚರ್ಯ ಏನಿದೆ? ಅವನು ಇಳಿದ ಅಂತಲೂ ನಾನು ಹೇಳುತ್ತಿಲ್ಲ. ಈ ಚಿತ್ರದಿಂದ ಅದು ಗೊತ್ತಾಗುವುದಿಲ್ಲ, ಅಷ್ಟೇ.

ಹುಬ್ಬಳ್ಳಿ ಅಪ್ಪ: ನನ್ನ ಮಗಳ ವಿಷಯ ಹೇಳಬಹುದಾ. 14 ವರ್ಷ, ಲೆಫ್ಟ್ ವಿಂಗ್. ಅವಳು ಆಡುವ ತಂಡದಲ್ಲಿ ಜಿಪಿಎಸ್ ಹಾಕಿದ ಬನಿಯನ್ ಕೊಡುತ್ತಾರೆ. ಹೀಟ್ ಮ್ಯಾಪ್‌ನಲ್ಲಿ ಸೈಡ್ ಲೈನ್ ಪಕ್ಕ ಒಂದು ಕಡೆ ದಟ್ಟ ಕೆಂಪು, ಮತ್ತೆ ಎಡಕ್ಕೂ ಬಲಕ್ಕೂ ಸಮ ಬಣ್ಣ. "ನೀನು ನಿಂತಲ್ಲೇ ನಿಲ್ಲುತ್ತೀ, ಜಾಗ ಬಿಟ್ಟು ಅಲೆಯುತ್ತೀ" ಎಂದು ಅವಳಿಗೆ ಹೇಳಿದ್ದಾರೆ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಗ್ಯಾಲರಿಯಲ್ಲೇ ಇದ್ದೆ, ಅವಳು ಎಡ ಬಿಟ್ಟು ಕದಲಲಿಲ್ಲ.

ಡೇಟಾ ಕೆಲಸದವ: ಸರ್, ನಿಮ್ಮದು ಬೇರೆ ಜಾತಿಯ ಚಿತ್ರ. ಜಿಪಿಎಸ್ ದೇಹ ಇದ್ದ ಜಾಗವನ್ನು ಬರೆಯುತ್ತದೆ, ಆಟ ನಿಂತಾಗಲೂ ಬರೆಯುತ್ತದೆ. ಆ ಕೆಂಪು ಕಲೆ ಬೆಂಚಿನ ಎದುರು ಇದೆಯಾ ನೋಡಿ. ಹಾಫ್ ಟೈಮ್‌ನಲ್ಲಿ ಆಫ್ ಮಾಡದೆ ಇದ್ದರೆ ನೀರು ಕುಡಿದು ಕೋಚ್ ಮಾತು ಕೇಳಿದ ಆ ಹದಿನೈದು ನಿಮಿಷ ಪೂರ್ತಿ ಒಂದೇ ಕಡೆ ರಾಶಿ ಬಿದ್ದಿರುತ್ತದೆ. ಎಡ, ಬಲ ಎರಡೂ ಕಡೆ ಸಮ ಇರುವುದಕ್ಕೆ ಇನ್ನೂ ಸರಳ ಕಾರಣ ಇರಬಹುದು: ಹಾಫ್ ಟೈಮ್ ನಂತರ ತಂಡಗಳು ಕಡೆ ಬದಲಿಸುತ್ತವೆ. ಎರಡನೇ ಅರ್ಧವನ್ನು ತಿರುಗಿಸದೆ ಒಂದರ ಮೇಲೊಂದು ಹಾಕಿದರೆ ಲೆಫ್ಟ್ ವಿಂಗರ್ ಎರಡೂ ಬದಿಯಲ್ಲಿ ಕಾಣುತ್ತಾಳೆ. ಸ್ಟ್ಯಾಟ್ಸ್‌ಬಾಂಬ್ ಡೇಟಾದಲ್ಲಿ ಅದನ್ನು ಮೊದಲೇ ತಿರುಗಿಸಿರುತ್ತಾರೆ. ಆ ಕಚ್ಚಾ ಫೈಲ್ ಕೇಳಿ, ಎರಡು ಅರ್ಧವನ್ನು ಬೇರೆ ಬೇರೆ ನೋಡಿ.

ಹುಬ್ಬಳ್ಳಿ ಅಪ್ಪ: ಬೆಂಚಿನ ಎದುರೇ ಇದೆ. ನಾಳೆಯೇ ಫೈಲ್ ಕೇಳುತ್ತೇನೆ.

ಹಲಸೂರು ಗ್ಯಾಲರಿ: ಇನ್ನೊಂದು ಮಾತು, 30 ಟಚ್‌ಗಿಂತ ಕಡಿಮೆ ಇದ್ದರೆ ಹೀಟ್ ಮ್ಯಾಪ್ ಹಾಕಲೇಬಾರದು. ಬಣ್ಣದ ಅಳತೆ ಆಯಾ ಆಟಗಾರನದ್ದೇ ಆಗಿರುತ್ತದೆ, ಹಾಗಾಗಿ 22 ಟಚ್ ಇದ್ದವನೂ 90 ಟಚ್ ಇದ್ದವನಷ್ಟೇ ಉರಿಯುತ್ತಾನೆ.

ಮೈಸೂರು ಕೋಚ್: ಬಣ್ಣದ ಮಾತು ಸರಿ. 30 ಎಂಬ ಗೆರೆ ಎಲ್ಲಿಂದ ಬಂತು ಗೊತ್ತಿಲ್ಲ. ಗೋಲಿನ ಮುಂದೆಯೇ ಇರುವ ಸ್ಟ್ರೈಕರ್‌ಗೆ 25 ಸಾಕಾಗಬಹುದು, ಮೈದಾನವೆಲ್ಲ ಓಡಾಡುವ ಮಿಡ್‌ಫೀಲ್ಡರ್‌ಗೆ 50 ಕೂಡ ಸಾಲದಿರಬಹುದು. ನನಗೆ ಕೇಳಿದರೆ ಬಣ್ಣ ಹಚ್ಚುವುದೇ ಬೇಡ, ಚುಕ್ಕಿಗಳನ್ನು ಹಾಗೇ ಇಡಿ.

ಹಲಸೂರು ಗ್ಯಾಲರಿ: ಒಂದು ಗೆರೆ ಇಲ್ಲದಿದ್ದರೆ ಎಲ್ಲರೂ ತಮಗೆ ಬೇಕಾದ ಹಾಗೆ ಹಾಕುತ್ತಾರೆ. ನಾನು 30 ಬಿಡುವುದಿಲ್ಲ.

ಕೇಳಿದವರು: ಆ ವಾಕ್ಯ ತೆಗೆದೆ. ಡಿಫೆನ್ಸ್ ಬಗ್ಗೆ ಏನಾದರೂ ಹೇಳಲೇಬೇಕು ಅಂದರೆ ದಾರಿ ಇದೆಯಾ?

ಡೇಟಾ ಕೆಲಸದವ: ಸ್ವಲ್ಪ ಇದೆ. ಅದೇ ಡೇಟಾದಲ್ಲಿ `Pressure` ಸಾಲುಗಳಿವೆ, ಚೆಂಡು ಇದ್ದವನ ಮೇಲೆ ಅವನು ಎಲ್ಲಿ ಒತ್ತಡ ಹಾಕಿದ ಎಂದು. ಅದನ್ನು ಬೇರೆ ಚಿತ್ರವಾಗಿ ಹಾಕಿ, ಟಚ್ ಜೊತೆ ಬೆರೆಸಬೇಡಿ. ಈ ವಿಶ್ವಕಪ್‌ಗೆ 360 ಡೇಟಾ ಕೂಡ ಇದೆ, ಹೆಚ್ಚಿನ ಘಟನೆಗಳ ಹೊತ್ತಿಗೆ ಕ್ಯಾಮೆರಾದಲ್ಲಿ ಕಂಡ ಎಲ್ಲರ ಜಾಗ ಸಿಗುತ್ತದೆ. ಆದರೆ ಅದರಲ್ಲಿ ಹೆಸರು ಇರುವುದಿಲ್ಲ, ನಮ್ಮವನೋ ಎದುರಿನವನೋ ಅಷ್ಟೇ. ಎಡಗಡೆ ಹಿಂದೆ ನಿಂತವನು ಎಂಬಾಪೆಯೋ ಮಿಡ್‌ಫೀಲ್ಡರ್ ರಾಬಿಯೋನೋ ಎಂದು ಅದರಿಂದ ಹೇಳಲಾಗದು.

ಮೈಸೂರು ಕೋಚ್: ಹಳೇ ದಾರಿ ಹಿಡಿಯಿರಿ. ಮೊದಲ 40 ನಿಮಿಷದ ವಿಡಿಯೊ ಹಾಕಿಕೊಳ್ಳಿ, ಮೊಲಿನಾಗೆ ಚೆಂಡು ಬಂದಾಗಲೆಲ್ಲ ನಿಲ್ಲಿಸಿ, ಎಂಬಾಪೆ ಎಲ್ಲಿದ್ದಾನೆ ಬರೆದುಕೊಳ್ಳಿ. ಒಂದು ಸಂಜೆಯ ಕೆಲಸ.

ಕೇಳಿದವರು: ಫ್ರೇಮ್‌ನಲ್ಲೇ ಇಲ್ಲದಿದ್ದರೆ?

ಮೈಸೂರು ಕೋಚ್: "ಕಾಣಲಿಲ್ಲ" ಎಂದು ಬರೆಯಿರಿ. "ಇರಲಿಲ್ಲ" ಎಂದು ಬರೆಯಬೇಡಿ.