ಪದ ಬೇಕು: ಪೇರ್ ಮತ್ತು ಕನೆಕ್ಟ್, ಎರಡಕ್ಕೂ ‘ಜೋಡಿಸು’ ಅಂದರೆ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಲ್ಯಾಬ್ ಗೋಡೆಗೆ ನಾಳೆ ಬೆಳಿಗ್ಗೆ ಒಂದು ಹಾಳೆ ಅಂಟಿಸಬೇಕು. 4 ಜಿಬಿ ರ‍್ಯಾಮ್‌ನ ಕಂಪ್ಯೂಟರುಗಳಲ್ಲಿ ಎಮ್ಯುಲೇಟರ್ ಏಳುವುದೇ ಇಲ್ಲ. ಹಾಗಾಗಿ ಮಕ್ಕಳು ತಮ್ಮ ಫೋನಿನಲ್ಲೇ, ವೈಫೈ ಮೂಲಕ ಆ್ಯಪ್ ಓಡಿಸಿ ನೋಡುತ್ತಾರೆ. ಅದಕ್ಕೆ ಫೋನನ್ನು ಕಂಪ್ಯೂಟರಿನ ಜೊತೆ ಮೊದಲು ಪೇರ್, ಆಮೇಲೆ ಕನೆಕ್ಟ್ ಮಾಡಬೇಕು. ನಾನು ಎರಡು ಕೆಲಸಕ್ಕೂ ‘ಜೋಡಿಸಿ’ ಅಂತ ಬರೆದಿದ್ದೆ. ಮೊದಲನೆಯದು ಆದಮೇಲೆ ಅರ್ಧ ತರಗತಿ ಅಲ್ಲೇ ನಿಂತಿತು. ಬೇರೆ ಪದ ಹೇಳಿ.
– ಹಾಸನದಿಂದ

ಕೇಬಲ್ ಹಾಕಿಸಿ ಮೇಡಂ, ಪದವೇ ಬೇಡ. ನನ್ನ ಫೋನ್ ಮಾತ್ರ ಎರಡು ದಿನ ಸುಮ್ನೆ ಚಾರ್ಜ್ ಆಗುತ್ತಿತ್ತು, ಕಂಪ್ಯೂಟರಿಗೆ ಕಾಣಲೇ ಇಲ್ಲ. ಆ ಕೇಬಲಿನಲ್ಲಿ ಡೇಟಾ ತಂತಿಯೇ ಇರಲಿಲ್ಲ.
– ಸಕಲೇಶಪುರ

ಕೇಳಿದ್ದು ಕೇಬಲ್ ಬಗ್ಗೆ ಅಲ್ಲ. ಮಕ್ಕಳು ನಿಂತದ್ದು ಯಾಕೆ ಅಂತ ನೋಡಿ. ಫೋನಿನ ‘ವೈರ್‌ಲೆಸ್ ಡೀಬಗ್ಗಿಂಗ್’ ಪುಟದಲ್ಲಿ ಒಂದು ಐಪಿ, ಪೋರ್ಟ್ ಇರುತ್ತದೆ. ಪೇರಿಂಗ್ ಕೋಡ್ ಒತ್ತಿದಾಗ ಒಂದು ಪೆಟ್ಟಿಗೆಯಲ್ಲಿ ಆರಂಕಿ ಕೋಡಿನ ಜೊತೆ ಇನ್ನೊಂದು ಪೋರ್ಟ್ ಬರುತ್ತದೆ. ಐಪಿ ಒಂದೇ, ಪೋರ್ಟ್ ಬೇರೆ.

```
adb pair 192.168.1.7:37045
adb connect 192.168.1.7:41233
```

ಮಕ್ಕಳು ಎರಡಕ್ಕೂ ಕೋಡಿನ ಜೊತೆ ಬಂದ ಪೋರ್ಟನ್ನೇ ಕೊಟ್ಟಿರುತ್ತಾರೆ. ಆ ಪೆಟ್ಟಿಗೆ ಮುಚ್ಚಿದರೆ ಆ ಪೋರ್ಟೂ ಮುಚ್ಚುತ್ತದೆ. ಇನ್ನು, ಇದೆಲ್ಲ ಆಂಡ್ರಾಯ್ಡ್ 11ರಿಂದ ಈಚೆಗೆ ಮಾತ್ರ. ಹಳೆಯ ಫೋನಿಗೆ ಮೊದಲು ಕೇಬಲ್ ಹಾಕಿ `adb tcpip 5555` ಕೊಡಲೇಬೇಕು.
– ಚಿಕ್ಕಮಗಳೂರು

ಪದ ನಮ್ಮಲ್ಲೇ ಇದೆ. ಎತ್ತನ್ನು ಜೊತೆ ಮಾಡುವುದು ಒಮ್ಮೆ, ಹೂಡುವುದು ದಿನಾ. ಪೇರ್ ಅಂದರೆ ‘ಜೊತೆಮಾಡು’, ಕನೆಕ್ಟ್ ಅಂದರೆ ‘ಹೂಡು’. ಹಳಗನ್ನಡದ ‘ಪೂಡು’ವೇ ಈ ‘ಹೂಡು’. ‘ಸಂಪರ್ಕಿಸು’ ಬೇಡ, ಅದು ಸಂಸ್ಕೃತ.
– ಬೇಲೂರು

‘ಹೂಡು’ ಅಂದರೆ ಇವತ್ತಿನ ಹುಡುಗರಿಗೆ ಬಂಡವಾಳ ಹೂಡುವುದು. ಫೋನಿನ ಪರದೆಯಲ್ಲಿ ‘ಪೇರ್’ ಅಂತಲೇ ಇದೆ. ಹಾಳೆಯಲ್ಲಿ ಒಂದು ಪದ, ಪರದೆಯಲ್ಲಿ ಇನ್ನೊಂದು ಇದ್ದರೆ ಗೊಂದಲ ಜಾಸ್ತಿ. ‘ಪೇರ್ ಮಾಡಿ’ ಬರೆಯಿರಿ, ಮುಗೀತು.
– ಅರಸೀಕೆರೆ

ಹೀಗೆ ಬಿಟ್ಟುಕೊಟ್ಟೇ ‘ಬಸ್ಸು’, ‘ರೈಲು’ ಬಂದದ್ದು.
– ಬೇಲೂರು

ಬಂದು ‘ಉ’ಕಾರ ಹಚ್ಚಿಕೊಂಡು ಕನ್ನಡವೇ ಆದವು, ಅಲ್ವಾ? ಅದರಲ್ಲಿ ನಷ್ಟ ಏನು?
– ಅರಸೀಕೆರೆ

ಜಗಳ ಆಮೇಲೆ. ‘ಜೊತೆಮಾಡು’ ನನಗೂ ಇಷ್ಟ. ಆದರೆ ಜೊತೆ ಒಮ್ಮೆ ಮಾಡಿದರೆ ಸಾಕು ಅನ್ನುವುದು ಪೂರ್ತಿ ನಿಜ ಅಲ್ಲ. ಏಳು ದಿನ ಆ ಕಂಪ್ಯೂಟರ್ ಬಳಸದಿದ್ದರೆ ಫೋನ್ ಅದನ್ನು ಮರೆಯುತ್ತದೆ. ಡೆವಲಪರ್ ಆಯ್ಕೆಗಳಲ್ಲಿ ಆ ಗಡುವನ್ನು ತೆಗೆಯಬಹುದು. ವಾರಕ್ಕೊಂದು ಲ್ಯಾಬ್ ಇದ್ದರೆ, ಒಂದು ವಾರ ರಜೆ ಬಂದರೂ ಮತ್ತೆ ಕೋಡ್ ಬೇಕು.
– ಚಿಕ್ಕಮಗಳೂರು

ಎಲ್ಲರಿಗೂ ಥ್ಯಾಂಕ್ಸ್. ಹಾಳೆಯಲ್ಲಿ ಹೀಗೆ ಬರೆದೆ: ‘1. ಜೊತೆಮಾಡಿ (ಪೇರ್): ಕೋಡ್ ಪೆಟ್ಟಿಗೆಯ ಪೋರ್ಟ್. 2. ಕನೆಕ್ಟ್ ಮಾಡಿ: ಹೊರಗಿನ ಪುಟದ ಪೋರ್ಟ್.’ ‘ಹೂಡು’ ಹಾಕಲು ಧೈರ್ಯ ಬರಲಿಲ್ಲ, ಬೇಲೂರಿನವರು ಬೇಜಾರು ಮಾಡಿಕೊಳ್ಳಬೇಡಿ.
– ಹಾಸನದಿಂದ

ಬೇಜಾರಿದೆ. ಎರಡನೆಯದಕ್ಕೂ ಕನ್ನಡ ಪದ ಬೇಕೇ ಬೇಕು.
– ಬೇಲೂರು