ಅಪ್‌ಡೇಟ್: ಎರಡು ಸೆಕೆಂಡಿನ ಜೋಕು ಕೊನೆಗೂ ಉಳಿಯಿತು

ನನ್ನ ಪ್ರಶ್ನೆ: «ತಡವಾಗಿ ಬಂದವನು ಗತ್ತಿನಿಂದ ಹೇಳುವ ಮಾತು: "ನಾನು ತಡವಾಗಿ ಬಂದಿಲ್ಲ, ನೀವೆಲ್ಲರೂ ತುಂಬಾ ಬೇಗ ಬಂದುಬಿಟ್ಟಿದ್ದೀರಿ". ಸಬ್‌ಟೈಟಲ್‌ಗೆ ಇರುವ ಸಮಯ 2 ಸೆಕೆಂಡು. ಮಿತಿ ಸಾಲಿಗೆ 42, ಸೆಕೆಂಡಿಗೆ 17 ಅಕ್ಷರ. ನಗು ಕೆಡದಂತೆ ಚಿಕ್ಕದಾಗಿಸುವುದು ಹೇಗೆ?»

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಎರಡು ಸಾಲಾಗಿ ಮುರಿದರೆ ಸಾಕೆಂದುಕೊಂಡಿದ್ದೆ, ಅದೇ ತಪ್ಪು. ಸಾಲಿನ ಉದ್ದ ಸರಿಹೋಯಿತು, ಓದುವ ವೇಗ ಸರಿಹೋಗಲಿಲ್ಲ. ನನ್ನ ಸಾಫ್ಟ್‌ವೇರ್ ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರದಲ್ಲಿ ಅಡಗಿರುವ ವಿರಾಮಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. "ಲ್ಲ" ಎಂದರೆ ಅದಕ್ಕೆ ಮೂರು. ಹಾಗಾಗಿ ಆ ಮಾತು 57 ಆಗುತ್ತದೆ, ಇರುವ ಜಾಗ 34.

ಮೊದಲು "ನಾನು ಸರಿಯಾದ ಸಮಯಕ್ಕೆ ಬಂದೆ." ಎಂದು ಬರೆದೆ. 25ಕ್ಕೆ ಇಳಿಯಿತು, ಆದರೆ ಜೋಕು ಸತ್ತಿತು. ತಪ್ಪನ್ನು ಎದುರಿನವರ ತಲೆಗೆ ಕಟ್ಟುವುದರಲ್ಲೇ ನಗುವಿದೆ, ಅದನ್ನೇ ನಾನು ಕತ್ತರಿಸಿದ್ದೆ.

ನೀವು ಹೇಳಿದಂತೆ ಕ್ರಿಯಾಪದಗಳನ್ನು ಬಿಟ್ಟೆ:

"ನಾನು ಲೇಟಲ್ಲ, ನೀವೇ ಬೇಗ."

ಬರೀ 22! "ನೀವೇ"ಯ ಆ ಏಕಾರದಲ್ಲೇ ಅವನ ಗತ್ತೆಲ್ಲ ಕೂತಿದೆ. "ತಡ"ದ ಬದಲು "ಲೇಟು" ಹಾಕಿದ್ದು ಅವನು ಮಾತಾಡುವ ಧಾಟಿಗಾಗಿ. ಆಶ್ಚರ್ಯಚಿಹ್ನೆಯನ್ನು ಬೇಕೆಂದೇ ಬಿಟ್ಟೆ, ನಟ ಮುಖ ಅಲುಗಿಸದೆ ಹೇಳುತ್ತಾನೆ.

ಒಂದು ತೊಂದರೆ ಮಾತ್ರ ಉಳಿದಿತ್ತು: ಅವನು ಬಾಯಿ ತೆರೆಯುವ ಮೊದಲೇ ಸಾಲು ಮೂಡುತ್ತಿತ್ತು, ನೋಡುವವರು ಮುಂಚೆಯೇ ನಗುತ್ತಿದ್ದರು. ಆರಂಭವನ್ನು ಅವನ ಮೊದಲ ಶಬ್ದಕ್ಕೆ ಸರಿಸಿದೆ. ಉಳಿದದ್ದು 1.6 ಸೆಕೆಂಡು, ಅಂದರೆ ಸೆಕೆಂಡಿಗೆ ಸುಮಾರು 14. ಮಿತಿಯೊಳಗೇ ಇದೆ.